ಮಿತಿಗಳು: ಪ್ರಥಮ ಪಿಯುಸಿ ಕಿರುಪರೀಕ್ಷೆ, ಉತ್ತರ ವಿವರಣೆ ಸಹಿತ

ಮೊದಲು ಉತ್ತರ ಬರೆದುಕೊಳ್ಳಿ, ಆಮೇಲೆ ವಿವರಣೆ ಓದಿ. ನೀವು ಆರಿಸಿದ್ದು ತಪ್ಪಾಗಿದ್ದರೆ ಆ ಸಾಲನ್ನು ಎರಡು ಸಲ ಓದಿ.

1. lim(x→3) (x² − 9)/(x − 3) = ?
(ಅ) 0 (ಆ) 1 (ಇ) 6 (ಈ) ಮಿತಿ ಇಲ್ಲ

ಸರಿಯುತ್ತರ (ಇ). ಅಂಶವು (x − 3)(x + 3). x ಎಂದೂ 3 ಆಗುವುದಿಲ್ಲ, ಹತ್ತಿರ ಹೋಗುತ್ತದೆ ಅಷ್ಟೇ. ಆದ್ದರಿಂದ (x − 3) ಹೊಡೆದುಹಾಕಬಹುದು. ಉಳಿಯುವುದು x + 3. ಬೆಲೆ ಹಾಕಿ ನೋಡಿ: 2.99ಕ್ಕೆ 5.99, 3.01ಕ್ಕೆ 6.01.
(ಅ) ಅಂಶ ಸೊನ್ನೆಯಾದದ್ದನ್ನು ಕಂಡು ಛೇದವನ್ನು ಮರೆತವರ ಉತ್ತರ.
(ಆ) 0/0 ಅನ್ನು 5/5ರಂತೆ ಭಾವಿಸಿದ್ದೀರಿ. ಸೊನ್ನೆಯಿಂದ ಭಾಗಿಸುವಂತಿಲ್ಲ.
(ಈ) ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. x = 3ರಲ್ಲಿ ಬೆಲೆ ಇಲ್ಲ, ನಿಜ. ಆದರೆ ಮಿತಿ ಕೇಳುವುದು ಆ ಬಿಂದುವಿನ ಬೆಲೆಯನ್ನಲ್ಲ, ಅದರ ಸುತ್ತಮುತ್ತಲಿನ ನಡೆಯನ್ನು. 0/0 ಬಂದರೆ ಲೆಕ್ಕ ಮುಗಿಯಲಿಲ್ಲ, ಶುರುವಾಯಿತು.

2. lim(x→0) (sin 3x)/x = ? (x ರೇಡಿಯನ್‌ನಲ್ಲಿ)
(ಅ) 0 (ಆ) 1/3 (ಇ) 1 (ಈ) 3

ಸರಿಯುತ್ತರ (ಈ). 3 · (sin 3x)/(3x) ಎಂದು ಬರೆಯಿರಿ. x = 0.1 ಆದಾಗ ಬೆಲೆ ಸುಮಾರು 2.955.
(ಇ) ಸೂತ್ರ ಬಾಯಿಪಾಠವಾಗಿದೆ, ಕೋನ ಮತ್ತು ಛೇದ ಒಂದೇ ಇರಬೇಕೆಂಬುದು ತಪ್ಪಿಹೋಗಿದೆ.
(ಆ) 3ರಿಂದ ಗುಣಿಸುವ ಬದಲು ಭಾಗಿಸಿದ್ದೀರಿ.
(ಅ) sin 0 = 0 ಎಂದು ಅಲ್ಲಿಗೇ ನಿಂತಿದ್ದೀರಿ.

3. lim(x→0) |x|/x = ?
(ಅ) 1 (ಆ) −1 (ಇ) 0 (ಈ) ಮಿತಿ ಇಲ್ಲ

ಸರಿಯುತ್ತರ (ಈ). ಬಲದಿಂದ ಬಂದರೆ 1, ಎಡದಿಂದ ಬಂದರೆ −1, ಎರಡೂ ಕೂಡುವುದಿಲ್ಲ. (ಅ), (ಆ) ಒಂದೇ ಬದಿಯನ್ನು ನೋಡಿದವರದು. (ಇ) ಎರಡರ ಸರಾಸರಿ ತೆಗೆದವರದು; ಮಿತಿಯಲ್ಲಿ ಸರಾಸರಿಗೆ ಜಾಗವಿಲ್ಲ.