ಭಾನುವಾರದ ಚಿಕನ್ ಕೆಂಪಗಿದ್ದ ಬಗ್ಗೆ

ವಾರ್ಡನ್ ಸರ್‌ಗೆ ನಮಸ್ಕಾರ.

ಭಾನುವಾರದ ಚಿಕನ್ ವಿಷಯ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದಿರಿ. ಎದುರಿಗೆ ನಿಂತು ಹೇಳುವುದಕ್ಕೆ ಹೋದರೆ ನನಗೆ ಮಾತು ಅಡ್ಡಾದಿಡ್ಡಿ ಆಗುತ್ತದೆ, ಅದಕ್ಕೆ ಕೂತು ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಫೋಟೋ ನಾನೂ ನೋಡಿದೆ. ಎರಡನೇ ಮಹಡಿಯ ಹುಡುಗ ಲೆಗ್ ಪೀಸ್ ಬಿಡಿಸಿ, ಮೂಳೆ ಪಕ್ಕ ಕೆಂಪಗೆ, ಒಂದು ಕಡೆ ನೇರಳೆ ಹಣ್ಣಿನ ಬಣ್ಣ ಇರುವುದನ್ನು ಹತ್ತಿರದಿಂದ ತೆಗೆದು "ಹಸಿ ಚಿಕನ್ ಬಡಿಸ್ತಿದ್ದಾರೆ" ಅಂತ ಗ್ರೂಪಿಗೆ ಹಾಕಿದ್ದ. ಹತ್ತು ನಿಮಿಷಕ್ಕೆ ಅರ್ಧ ಡಬರಿ ಸಾರು ವಾಪಸ್ ಬಂತು. ಹುಡುಗನ ಮೇಲೆ ನನಗೆ ಕೋಪ ಇಲ್ಲ. ಬಣ್ಣ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಆ ಚಿಕನ್ ಬೆಂದಿತ್ತು ಸರ್.

ಅವತ್ತು ಡಬರಿ ಇಳಿಸುವ ಮುಂಚೆ ಮೂರು ಪೀಸಿಗೆ ಬಿಸಿ ಅಳೆಯುವ ಮೀಟರ್ ಚುಚ್ಚಿದ್ದೆ, ತಳದಿಂದ ಒಂದು, ನಡುವಿನಿಂದ ಒಂದು, ಮೇಲಿನಿಂದ ಒಂದು. 93, 91, 88 ಡಿಗ್ರಿ ತೋರಿಸಿತು. ಕೋಳಿ ಮಾಂಸದ ಒಳಗಡೆ 75 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ತರಹದ ಕ್ರಿಮಿಗಳು ಸಾಯುತ್ತವೆ. ಆಹಾರ ಸುರಕ್ಷತೆಯ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದೂ ಇದೇ ಲೆಕ್ಕ. 70 ಡಿಗ್ರಿಯಲ್ಲಿ 2 ನಿಮಿಷ, 65 ಆದರೆ 10 ನಿಮಿಷ ಇಟ್ಟರೂ ನಡೆಯುತ್ತದೆ. ನಮ್ಮ ಸಾರು 35 ನಿಮಿಷ ಕೊತಕೊತ ಕುದಿದಿದೆ.

ಹಾಗಾದರೆ ಕೆಂಪು ಎಲ್ಲಿಂದ ಬಂತು? ಅದು ಮೂಳೆಯ ಒಳಗಿನಿಂದ ಬಂದದ್ದು.

ಈಗಿನ ಬ್ರಾಯ್ಲರ್ ಕೋಳಿ ಐದಾರು ವಾರಕ್ಕೇ ಅಂಗಡಿಗೆ ಬರುತ್ತದೆ. ಮೈ ಬೆಳೆದಿರುತ್ತದೆ, ಮೂಳೆ ಮಾತ್ರ ಇನ್ನೂ ಎಳೆಯದು. ಸುಣ್ಣದಂಶ ಪೂರ್ತಿ ತುಂಬಿರುವುದಿಲ್ಲ, ಸಣ್ಣ ಸಣ್ಣ ತೂತು ಇರುತ್ತವೆ. ಮಜ್ಜೆ ಅಂದರೆ ರಕ್ತ ಹುಟ್ಟುವ ಜಾಗ ಅಲ್ವಾ, ಅದರ ಕೆಂಪು ಆ ತೂತುಗಳಿಂದ ಜಿನುಗಿ ಪಕ್ಕದ ಮಾಂಸಕ್ಕೆ ಹತ್ತುತ್ತದೆ. ಬೇಯಿಸಿದ ಮೇಲೆ ಅದೇ ಕಪ್ಪು ಮಿಶ್ರಿತ ಕೆಂಪಾಗಿ ಅಲ್ಲೇ ಕೂತುಬಿಡುತ್ತದೆ. ನಮ್ಮ ತುರುವೇಕೆರೆ ಕಡೆ ನಾಟಿ ಕೋಳಿ ಸಾರು ಮಾಡಿದರೆ ಇಂಥದ್ದು ಕಾಣುವುದೇ ಅಪರೂಪ, ಯಾಕೆಂದರೆ ಅದು ತಿಂಗಳುಗಟ್ಟಲೆ ಓಡಾಡಿ ಮೂಳೆ ಗಟ್ಟಿ ಆದ ಕೋಳಿ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲದೆ ಇರಬಹುದು. ಕಳೆದ ವಾರ ದಿನಾ ತರುವ ಕಡೆ ಮಾಲು ಸಿಗಲಿಲ್ಲ ಅಂತ ಫ್ರೀಜ್ ಮಾಡಿದ ಚಿಕನ್ ಬಂದಿತ್ತು, 38 ಕೆಜಿ, ಕಲ್ಲಿನ ಹಾಗೆ. ಮಂಜುಗಟ್ಟಿದಾಗ ಮಜ್ಜೆ ಹಿಗ್ಗಿ ಒಡೆಯುತ್ತದೆ, ಕರಗಿಸಿದಾಗ ಇನ್ನೂ ಜಾಸ್ತಿ ಸೋರುತ್ತದೆ. ಶನಿವಾರ ರಾತ್ರಿ ಫ್ರಿಜ್ಜಿನಲ್ಲಿ ಕರಗಲು ಇಟ್ಟಿದ್ದ ಟ್ರೇ ಬೆಳಿಗ್ಗೆ ತೆಗೆದಾಗಲೇ ತಳದಲ್ಲಿ ಕೆಂಪು ನೀರು ನಿಂತಿತ್ತು. ಇವತ್ತು ಯಾರಾದರೂ ಕೇಳೇ ಕೇಳುತ್ತಾರೆ ಅಂತ ಆಗಲೇ ಅಂದುಕೊಂಡೆ. ಕೇಳಿದರು.

ಲೆಗ್ ಪೀಸೇ ಯಾಕೆ, ಎದೆ ಪೀಸ್ ಯಾಕಿಲ್ಲ ಅಂತ ನೀವು ಕೇಳಿದ್ದಿರಿ. ಕಾಲಿನ ಮಾಂಸದಲ್ಲಿ ಮಯೋಗ್ಲೋಬಿನ್ ಅನ್ನುವ ಕೆಂಪು ವಸ್ತು ಜಾಸ್ತಿ, ಕೋಳಿ ದಿನವಿಡೀ ನಿಲ್ಲುವುದು ಅದರ ಮೇಲೇ ಅಲ್ವಾ. ಬಿಸಿ ತಾಗಿದಾಗ ಅದು ಕಂದು ಬಣ್ಣಕ್ಕೆ ತಿರುಗಬೇಕು. ಆದರೆ ಎಲ್ಲ ಕೋಳಿಯಲ್ಲೂ ಒಂದೇ ಸಮ ತಿರುಗುವುದಿಲ್ಲ. ಮಾಂಸದಲ್ಲಿ ಹುಳಿ ಅಂಶ ಕಡಿಮೆ ಇದ್ದರೆ 75 ದಾಟಿದ ಮೇಲೂ ನಸುಗೆಂಪು ಉಳಿದುಕೊಳ್ಳುತ್ತದೆ. ಹೊಗೆಯಿಂದಲೂ ಹೀಗೇ ಆಗುತ್ತದೆ. ಹಾಸ್ಟೆಲ್ ಡೇ ದಿನ ಇದ್ದಿಲಿನ ಮೇಲೆ ಸುಟ್ಟಿದ್ದೆವಲ್ಲ, ಆ ಚಿಕನ್‌ನ ಅಂಚಿನಲ್ಲಿ ಸುತ್ತ ಒಂದು ಕೆಂಪು ಗೆರೆ ಇತ್ತು. ಇದ್ದಿಲಿನ ಹೊಗೆಯಲ್ಲಿರುವ ಅನಿಲ ಮಾಂಸದ ಬಣ್ಣಕ್ಕೆ ಅಂಟಿಕೊಂಡು ಹಾಗೆ ಮಾಡುತ್ತದೆ. ಅವತ್ತು ಯಾರೂ ಫೋಟೋ ಹಾಕಲಿಲ್ಲ, ಎಲ್ಲರೂ ಇನ್ನೊಂದು ಪೀಸ್ ಕೇಳಿದರು. 2024ರಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ "ಕೆಂಪಗಿಲ್ಲ, ಏನ್ ಕಬಾಬ್ ಇದು" ಅಂತ ಜಗಳ ತೆಗೆದವರೂ ಇದೇ ಹುಡುಗರು, ಸುಮ್ನೆ ನೆನಪಾಯಿತು.

ನನಗೂ ಪೂರ್ತಿ ಸಮಾಧಾನ ಇರಲಿಲ್ಲ. ಅದಕ್ಕೆ ವಾಪಸ್ ಬಂದ ಸಾರಿನಿಂದ ಇಂಥದ್ದೇ ಒಂದು ಕೆಂಪು ಪೀಸ್ ತೆಗೆದು ಸಣ್ಣ ಪಾತ್ರೆಯಲ್ಲಿ ಇನ್ನೂ 20 ನಿಮಿಷ ಕುದಿಸಿದೆ. ಪಾತ್ರೆ ತೊಳೆಯುವ ಅಕ್ಕನೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಮಾಂಸ ನೂಲು ನೂಲಾಗಿ ಮೂಳೆ ಬಿಟ್ಟು ಕೈಗೆ ಬಂತು. ಮೂಳೆಗೆ ಅಂಟಿದ್ದ ಜಾಗದ ಆ ಕೆಂಪು ಮಾತ್ರ ಹಾಗೇ ಇತ್ತು, ಸ್ವಲ್ಪ ಕಪ್ಪಾಗಿತ್ತು ಅಷ್ಟೇ. ಬಣ್ಣ ಹೋಗುವ ತನಕ ಬೇಯಿಸುತ್ತೇನೆ ಅಂತ ಹಟ ಹಿಡಿದರೆ ಹುಡುಗರಿಗೆ ಬರೀ ನಾರು ಬಡಿಸಬೇಕಾಗುತ್ತದೆ.

ಹಾಗಂತ ಕೆಂಪಿದ್ದರೂ ಪರವಾಗಿಲ್ಲ, ತಿನ್ನಿ ಅಂತ ನಾನು ಹೇಳುತ್ತಿಲ್ಲ. ಬಣ್ಣ ನೋಡಿ ಬೆಂದಿದೆ ಅನ್ನುವುದೂ ತಪ್ಪು, ಬೆಂದಿಲ್ಲ ಅನ್ನುವುದೂ ತಪ್ಪು. ಇಲ್ಲಿಗೆ ಬರುವ ಮುಂಚೆ ಒಂದು ಮೆಸ್ಸಿನಲ್ಲಿದ್ದೆ. ಅಲ್ಲಿ ಒಂದು ಸಲ ದಪ್ಪ ಎದೆ ಪೀಸ್ ಕರಿದು ತೆಗೆದಾಗ ಒಳಗೆ ಚೆನ್ನಾಗಿ ಬೆಳ್ಳಗಿತ್ತು, ಬಡಿಸೋಣ ಅಂತಿದ್ದೆ. ಅಲ್ಲಿದ್ದ ಹಿರಿಯ ಅಡುಗೆಯವರು ಮೀಟರ್ ಚುಚ್ಚಿದರು, 61! ಎಲ್ಲವನ್ನೂ ಮತ್ತೆ ಎಣ್ಣೆಗೆ ಬಿಟ್ಟೆವು. ಆ ತಿಂಗಳ ಸಂಬಳದಲ್ಲೇ ಮೀಟರ್ ತಗೊಂಡೆ, ಅದೇ ಈಗಲೂ ನನ್ನ ಜೇಬಲ್ಲಿರುವುದು. ಚುಚ್ಚಿದಾಗ ಬರುವ ನೀರು ತಿಳಿಯಾಗಿದ್ದರೆ ಬೆಂದಿದೆ ಅನ್ನುವ ಹಳೆಯ ಲೆಕ್ಕವನ್ನೂ ಅವತ್ತಿನಿಂದ ನಂಬುವುದಿಲ್ಲ.

ನಿಜವಾಗಿ ಹಸಿ ಇದ್ದರೆ ಕೈಗೇ ಗೊತ್ತಾಗುತ್ತದೆ. ಗಾಜಿನ ಹಾಗೆ ಮಿನುಗುತ್ತದೆ, ಜಾರುತ್ತದೆ, ಒತ್ತಿದರೆ ರಬ್ಬರ್ ತರಹ ಇರುತ್ತದೆ, ಮೂಳೆಯಿಂದ ಬಿಡುವುದಿಲ್ಲ. ಅಂಥ ಪೀಸ್ ಬಂದರೆ ಹುಡುಗರು ವಾಪಸ್ ಕೊಡಲಿ, ನಾನೇ ಇಸ್ಕೊಂಡು ಮತ್ತೆ ಬೇಯಿಸುತ್ತೇನೆ, ವಾದ ಮಾಡಲ್ಲ.

ಇವತ್ತು ಬುಧವಾರ, ಇಲ್ಲಿಯವರೆಗೆ ಯಾರೂ ಹೊಟ್ಟೆನೋವು ಅಂದಿಲ್ಲ. ಅದನ್ನೇ ಹಿಡಿದುಕೊಂಡು ನಾನು ಗೆದ್ದೆ ಅನ್ನುವುದಿಲ್ಲ, ಕೆಲವು ಕ್ರಿಮಿ ನಾಲ್ಕೈದು ದಿನ ಬಿಟ್ಟೂ ತೋರಿಸಿಕೊಳ್ಳುತ್ತವೆ. ನಾನು ನಂಬುವುದು ಮೀಟರಿನ ಆ ಮೂರು ಅಂಕಿಯನ್ನು. ಮೀಟರೇ ಸರಿಯಿದೆಯಾ ಅಂತ ಅನುಮಾನ ಇದ್ದರೆ ಒಂದು ಲೋಟ ಐಸ್ ನೀರಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸಬೇಕು. ಭಾನುವಾರ ರಾತ್ರಿ ನಾನೇ ನೋಡಿದೆ, ಸರಿ ಇದೆ.

ಇನ್ನು ನನ್ನ ಕೇಳಿಕೆ. ಆದಷ್ಟು ಫ್ರೆಶ್ ಚಿಕನ್ನೇ ತರಿಸಿ. ಫ್ರೀಜ್ ಆದದ್ದೇ ಗತಿ ಅಂದರೆ ಶುಕ್ರವಾರವೇ ಹೇಳಿ, ಅವತ್ತು ಮೂಳೆ ಇಲ್ಲದ ಪೀಸ್ ಹಾಕಿ ಮಾಡುತ್ತೇನೆ, ಕೆಂಪಿನ ಗಲಾಟೆಯೇ ಇರುವುದಿಲ್ಲ. ಇನ್ನೊಂದು ಮೀಟರ್ ಬೇಕು, ಇರುವುದು ಒಂದೇ, ಅದೂ ನನ್ನದು, ನಾನು ರಜೆ ಹಾಕಿದ ದಿನ ಅಡುಗೆಮನೆ ಹುಡುಗರು ಅಂದಾಜಿನ ಮೇಲೆ ಇಳಿಸುತ್ತಾರೆ. ಪ್ರತಿ ಭಾನುವಾರದ ಅಂಕಿಯನ್ನು ಊಟದ ಹಾಲ್‌ನ ಬೋರ್ಡಿನಲ್ಲಿ ಚಾಕ್‌ಪೀಸಲ್ಲಿ ಬರೆಯುತ್ತೇನೆ, ನೋಡುವವರು ನೋಡಲಿ.

ಬರುವ ಭಾನುವಾರ 12 ಗಂಟೆಗೆ ಅಡುಗೆಮನೆಗೆ ಬನ್ನಿ ಸರ್, ಫೋಟೋ ತೆಗೆದ ಹುಡುಗನನ್ನೂ ಕರೆದುಕೊಂಡು ಬನ್ನಿ. ಮೀಟರನ್ನು ಅವನೇ ಚುಚ್ಚಲಿ. ಮಾಂಸದ ದಪ್ಪ ಇರುವ ಕಡೆ ಚುಚ್ಚಬೇಕು, ತುದಿ ಮೂಳೆಗೆ ತಾಗಬಾರದು, ತಾಗಿದರೆ ಅಂಕಿ ಸುಳ್ಳು ಹೇಳುತ್ತದೆ.

ಇಂತಿ,
ಸಿದ್ದಪ್ಪ, ಅಡುಗೆಮನೆ