ತಪ್ಪು ಲೆಕ್ಕ ಅಳಿಸಬೇಡಿ

ನೋಡಿ ಮಕ್ಕಳೇ, ನಿನ್ನೆಯ ಟೆಸ್ಟಿನಲ್ಲಿ ಅರ್ಧ ಕ್ಲಾಸು (a+b)² = a²+b² ಅಂತ ಬರೆದಿದೆ. ಬಾಗಲಕೋಟೆಯಲ್ಲಿ ಮಾತ್ರ ಅಲ್ಲ, ಎಲ್ಲ ಊರಲ್ಲೂ ಹೀಗೇ ಬರೆಯುತ್ತಾರೆ. a ಜಾಗದಲ್ಲಿ 3, b ಜಾಗದಲ್ಲಿ 4 ಇಟ್ಟು ನೋಡಿ. ಎಡಗಡೆ 49, ಬಲಗಡೆ 25. ಉಳಿದ 24 ಎಲ್ಲಿ ಹೋಯಿತು? ಅದೇ 2ab. ಸುಮ್ನೆ ಸೂತ್ರ ಬಾಯಿಪಾಠ ಮಾಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಅದಕ್ಕೇ ರಬ್ಬರ್ ಕೆಳಗಿಡಿ. ತಪ್ಪಿದ ಲೆಕ್ಕದ ಫೋಟೋ ತೆಗೆಯಿರಿ, ಹೆಸರು ಕಾಣದಂತೆ. ಫೋನ್ ಇಲ್ಲದವರಿಗೆ ನನ್ನ ಫೋನ್ ಇದೆ. ಶನಿವಾರ ಒಂದೊಂದೇ ಫೋಟೋ ನೋಡಿ, ಯಾವ ಸಾಲಿನಲ್ಲಿ ದಾರಿ ತಪ್ಪಿತು ಅಂತ ಎಲ್ಲರೂ ಸೇರಿ ಹುಡುಕೋಣ. ನಾಚಿಕೆ ಬೇಡ. ಯಾರಾದರೂ ಕಿಸಕ್ಕೆಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿದ್ದೇನೆ. ಸರಿ, ಮೊದಲ ಫೋಟೋ ಯಾರು ಕೊಡುತ್ತೀರಿ?