ಮೊದಲ ಸಲ ನಿಮ್ಮ ಮನೆಗೆ ಬಂದು ಹೋದ ಮೇಲೆ

ಪ್ರೀತಿಯ ಆಂಟಿ, ಅಂಕಲ್,

ನಮಸ್ಕಾರ. ನಿನ್ನೆ ರಾತ್ರಿ ಪುಣೆ ತಲುಪಿದ ಕೂಡಲೇ ಫೋನ್ ಮಾಡಿದೆ ನಿಜ. ಆದರೆ ಫೋನಿನಲ್ಲಿ "ತಲುಪಿದೆ, ಊಟ ಆಯ್ತು, ಮಳೆ ಇದೆ" ಅನ್ನುವುದರಲ್ಲೇ ಮಾತು ಮುಗಿದುಹೋಯಿತು. ಹೇಳಬೇಕಾದದ್ದು ಬೇರೆ ಇತ್ತು. ಎದುರಿಗೆ ಹೇಳಲು ಹೋದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಅಂಕಲ್ ದಿನಾ ಬೆಳಿಗ್ಗೆ 'ಕರ್ನಾಟಕ ಮಲ್ಲ' ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇಷ್ಟುದ್ದದ ಮೆಸೇಜ್ ಅವರಿಗೆ ಜಾಸ್ತಿ ಆಗಲಾರದು ಅಂದುಕೊಂಡಿದ್ದೇನೆ. ಆಂಟಿಗೆ ಓದಿ ಹೇಳಿ ಅಂಕಲ್. ಅವರ ಕನ್ನಡಕದ ಕಾಲು ಮುರಿದಿದೆ ಅಂತ ನನಗೆ ಗೊತ್ತು.

ಶನಿವಾರ ಬೆಳಿಗ್ಗೆ ಸಿಂಹಗಡ ಎಕ್ಸ್‌ಪ್ರೆಸ್ ಹತ್ತುವಾಗ ನನಗೆ ನಿಜಕ್ಕೂ ಭಯ ಇತ್ತು. ಪ್ರಶಾಂತ "ಸುಮ್ನೆ ಇರು, ನಮ್ಮ ಮನೆಯವರು ಹಾಗಲ್ಲ" ಅಂತ ಕರ್ಜತ್ ಬರುವವರೆಗೂ ಹೇಳುತ್ತಲೇ ಇದ್ದ. ನಾನು ಧಾರವಾಡದವಳು, ನೀವು ಕಾರ್ಕಳದ ಕಡೆಯವರು. ನಿಮ್ಮ ಮನೆ ಮಾತು ತುಳು, ನನಗೆ ಅದರಲ್ಲಿ ಒಂದಕ್ಷರ ಬರುವುದಿಲ್ಲ. ನನ್ನ ಊಟ ಬೇರೆ, ನಿಮ್ಮ ಊಟ ಬೇರೆ. ಏನು ಕೇಳುತ್ತಾರೋ, ಏನು ಹೇಳಬೇಕೋ ಅಂತ ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದೆ. ಕಲ್ಯಾಣದಲ್ಲಿ ಇಳಿದು ಡೊಂಬಿವಲಿಯ ಲೋಕಲ್ ಹತ್ತುವ ಹೊತ್ತಿಗೆ ಕೈಯಲ್ಲಿದ್ದ ಪೇಡೆ ಡಬ್ಬಿಯ ಮೂಲೆ ಹಿಂಡಿ ಹಿಂಡಿ ಮೆತ್ತಗಾಗಿತ್ತು.

ನೀವು ಆ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಬಾಗಿಲು ತೆಗೆದ ಆಂಟಿ ನನ್ನ ಒದ್ದೆ ಕಾಲು ನೋಡಿ, "ಅಯ್ಯೋ, ಚಳಿ ಆಗ್ತದಲ್ಲ ನಿಂಗೆ" ಅಂತ ಟವೆಲ್ ತಂದುಕೊಟ್ಟರು. ಅಷ್ಟೇ. ಆಮೇಲೆ ನೇರ ಅಡುಗೆಮನೆಗೆ ಕರೆದುಕೊಂಡು ಹೋದರು. ಹಾಲ್‌ನಲ್ಲಿ ಕೂರಿಸಿ ಎಲ್ಲರೂ ನನ್ನ ಮುಖ ನೋಡುವ ಆ ಅರ್ಧ ಗಂಟೆಯನ್ನೇ ನಾನು ಎಲ್ಲಕ್ಕಿಂತ ಜಾಸ್ತಿ ಹೆದರಿದ್ದು. ಅದು ಬರಲೇ ಇಲ್ಲ.

ಆಂಟಿ, ಪತ್ರೊಡೆ ಮಾಡಿದ ಆ ಮಧ್ಯಾಹ್ನ ನನಗೆ ಎಷ್ಟು ಮುಖ್ಯ ಅಂತ ಹೇಳಲೇಬೇಕು. ಕೆಸುವಿನ ಎಲೆಯನ್ನು ಬೆನ್ನು ಮೇಲಾಗಿ ತಿರುಗಿಸಿ, ಚಾಕು ಮಲಗಿಸಿ ದಪ್ಪ ನಾರನ್ನು ಹೆರೆಯುವುದನ್ನು ನೀವು ಎರಡು ಎಲೆ ಮಾಡಿ ತೋರಿಸಿದಿರಿ. ಮೂರನೆಯದನ್ನು ನನ್ನ ಕೈಗೆ ಕೊಟ್ಟಿರಿ. ನಾನು ಅದನ್ನು ಹರಿದೆ. "ಹರಿದ್ರೆ ಎಂತ ಆಗುದಿಲ್ಲ, ಅದು ಒಳಗೆ ಹೋಗ್ತದೆ" ಅಂತ ಹೇಳಿ, ದೊಡ್ಡ ಎಲೆ ಕೆಳಗಿಟ್ಟು ನನ್ನ ಹರಿದ ಎಲೆಯನ್ನು ಅದರ ಮೇಲಿಟ್ಟು ಹಿಟ್ಟು ಸವರಿದಿರಿ. ಅಕ್ಕಿ, ತೆಂಗಿನಕಾಯಿ, ಒಣಮೆಣಸು ರುಬ್ಬಿದ ಆ ಹಿಟ್ಟಿಗೆ ಹುಣಸೆಹಣ್ಣು ಕಡಿಮೆ ಆದರೆ ಗಂಟಲು ತುರಿಸುತ್ತದೆ ಅಂತ ಹೇಳಿ ಇನ್ನೊಂದು ಉಂಡೆ ಹಾಕಿದಿರಿ. ನಮ್ಮ ಕಡೆ ಇದನ್ನು ಮಾಡುವುದಿಲ್ಲ. ಪುಣೆಯಲ್ಲಿ ಅಳೂವಡಿ ಎಷ್ಟೋ ಸಲ ತಿಂದಿದ್ದೇನೆ, ಅದು ಕಡಲೆಹಿಟ್ಟಿನದು, ರುಚಿಯೇ ಬೇರೆ. ಹಬೆಯಲ್ಲಿ ಬೆಂದ ಸುರುಳಿಯನ್ನು ನೀವು ಬಿಲ್ಲೆ ಬಿಲ್ಲೆಯಾಗಿ ಕೊಯ್ದಾಗ ಒಂದು ಬಿಲ್ಲೆಯಲ್ಲಿ ನನ್ನ ಹರಿದ ಎಲೆ ಕಾಣುತ್ತಿತ್ತು. ಅದನ್ನೇ ಹುಡುಕಿ ನನ್ನ ತಟ್ಟೆಗೆ ಹಾಕಿದಿರಲ್ಲ, ನನಗೆ ಗೊತ್ತಾಯಿತು.

ಈಗ ಒಂದು ವಿಷಯ. ಊಟಕ್ಕೆ ಕೂತಾಗ ಅಜ್ಜಿ ತಟ್ಟೆ ನೋಡಿ "ಮೀನ್ ಇಜ್ಜಾ?" ಅಂದರು. ಆಂಟಿ ಕಣ್ಣಲ್ಲೇ ಏನೋ ಹೇಳಿದರು. ಅಜ್ಜಿ ಸುಮ್ಮನಾದರು. ತುಳು ಬರದಿದ್ದರೂ ಮೀನು ಅನ್ನುವ ಪದ ಅರ್ಥ ಆಗುತ್ತದಲ್ವಾ? ರಾತ್ರಿ ಪ್ರಶಾಂತನನ್ನು ಬಿಡದೆ ಕೇಳಿದೆ. ಅವನು ಹೇಳಿದ. ಈ ಆಟಿ ತಿಂಗಳಲ್ಲಿ, ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ ಇರುವಾಗ, ನಿಮ್ಮ ಮನೆಯಲ್ಲಿ ಊರಿಂದ ತಂದ ಒಣಮೀನಿನ ಚಟ್ನಿ ಇಲ್ಲದೆ ಅಜ್ಜಿ ಊಟ ಮಾಡುವುದಿಲ್ಲ. ನಾನು ಬರುತ್ತೇನೆ ಅಂತ ಶುಕ್ರವಾರವೇ ಅದನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಲ್ಕನಿಯ ಡಬ್ಬದಲ್ಲಿ ಇಟ್ಟಿದ್ದಿರಿ. ಹೊಸ ಬಾಣಲೆ ತಂದಿದ್ದಿರಿ. ಎರಡು ದಿನ ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಕನ್ನಡದಲ್ಲೇ ಮಾತಾಡಬೇಕು ಅಂತ ಅಂಕಲ್ ಮೊದಲೇ ಹೇಳಿಟ್ಟಿದ್ದರಂತೆ. ಅಪ್ಪ ಮಗ ಕ್ರಿಕೆಟ್ ಬಗ್ಗೆ ಜಗಳ ಆಡುವಾಗಲೂ ಕನ್ನಡದಲ್ಲೇ ಆಡಿದರು. ನನಗೆ ಆಗ ಹೊಳೆಯಲಿಲ್ಲ.

ಇದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ಒಬ್ಬಳಿಗಾಗಿ ಒಂದು ಮನೆ ತನ್ನ ಊಟ, ತನ್ನ ಮಾತು ಎರಡನ್ನೂ ಎರಡು ದಿನ ಬದಿಗಿಟ್ಟಿತ್ತು. ಬಂದವಳಿಗೆ ಅದು ಗೊತ್ತಾಗದ ಹಾಗೆ ನೋಡಿಕೊಂಡಿತ್ತು. ಇಷ್ಟು ಗೌರವ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಮುಂದಿನ ಸಲ ಹೀಗೆ ಮಾಡಬೇಡಿ. ಕೈಮುಗಿದು ಕೇಳುತ್ತೇನೆ. ನಾನು ಮೀನು ತಿನ್ನುವುದಿಲ್ಲ, ಬಹುಶಃ ಮುಂದೆಯೂ ತಿನ್ನಲಿಕ್ಕಿಲ್ಲ. ಅದರ ವಾಸನೆ ನನಗೆ ಹೊಸದು, ರೂಢಿಯಾಗುತ್ತದೆ. ಅಜ್ಜಿಗೆ 84 ವರ್ಷ. ನಾನು ಬಂದ ದಿನ ಅವರಿಗೆ ಊಟ ಸೇರಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ತಟ್ಟೆ ಪಕ್ಕದಲ್ಲೇ ಇರಲಿ, ನಾನು ಅಲ್ಲೇ ಕೂರುತ್ತೇನೆ. ತುಳುವೂ ಹಾಗೆಯೇ. ನೀವು ಮಾತಾಡಿಕೊಳ್ಳಿ, ನಾನು ಕೇಳುತ್ತಾ ಕಲಿಯುತ್ತೇನೆ. ಅಜ್ಜಿ "ಬಲ, ಕುಲ್ಲು" ಅಂತ ಪಕ್ಕ ತಟ್ಟಿದಾಗ ಯಾರೂ ಅರ್ಥ ಹೇಳಿಕೊಡಬೇಕಾಗಲಿಲ್ಲ. ಹೊರಡುವಾಗ "ಪೋದು ಬರ್ಪೆ" ಅಂತ ಹೇಳಲು ಅವರೇ ಮೂರು ಸಲ ಹೇಳಿಸಿ ಕಲಿಸಿದ್ದಾರೆ. ನಮ್ಮ ಕಡೆ "ಹೋಗಿ ಬರ್ತೀನ್ರೀ" ಅನ್ನುತ್ತೇವೆ. ಎರಡರಲ್ಲೂ ಬರುವುದು ಇದೆ ನೋಡಿ.

ಅಂಕಲ್, ನಿಮ್ಮ ಟ್ರಂಕಿನ ವಿಷಯ. ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಎದ್ದು, ಮಂಚದ ಅಡಿಯಿಂದ ಅದನ್ನು ಎಳೆದು, ಹತ್ತನೆಯ ತರಗತಿಯ ಅಂಕಪಟ್ಟಿ ತೋರಿಸಿದಿರಿ. ನಾಲ್ಕು ಮಡಿಕೆಯ ಗೆರೆಗಳ ಮೇಲೆ ಟೇಪ್ ಹಚ್ಚಿದ ಆ ಕಾಗದ. 13ನೇ ವಯಸ್ಸಿಗೆ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲಿನಲ್ಲಿ ಹಗಲೆಲ್ಲ ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ಕತೆ ಹೇಳಿದಿರಿ. ಬೆರಳು ಸೋಡಾದ ನೀರಿನಲ್ಲಿ ನೆನೆದು ಪೆನ್ಸಿಲ್ ಜಾರುತ್ತಿತ್ತು ಅಂದಿರಿ. ಅಂಥ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಬಗ್ಗೆ ಕೇಳಿದ್ದೆ. ಹಾಗೆ ಓದಿದ ಒಬ್ಬರ ಎದುರು ಕೂತು ಚಹಾ ಕುಡಿದದ್ದು ಇದೇ ಮೊದಲು. ಆ ಅಂಕಪಟ್ಟಿಯನ್ನು ತಾನು ನೋಡಿದ್ದೇ ಎರಡು ಸಲ ಅಂತ ಪ್ರಶಾಂತ ಆಮೇಲೆ ಹೇಳಿದ. ನನಗೆ ಮೊದಲ ಭೇಟಿಯಲ್ಲೇ ತೋರಿಸಿದಿರಿ. ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಕಲ್ಯಾಣ ಸ್ಟೇಷನ್. ಪ್ರಶಾಂತ ಎರಡು ದಿನ ಅಲ್ಲೇ ಇರುವವನು, ಅವನೇ ಬಿಡಲು ಬರುತ್ತಾನೆ ಅಂದುಕೊಂಡಿದ್ದೆ. ನೀವೂ ಛತ್ರಿ ಹಿಡಿದು ಹೊರಟಿರಿ. ಗಾಡಿ ಬಂದ ಕೂಡಲೇ ಒಳಗೆ ಹೋಗಿ ಕಿಟಕಿ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿದಿರಿ. ಇಳಿದು ಬಂದು ಸರಳುಗಳ ನಡುವೆ ನೀರಿನ ಬಾಟಲಿ ಕೊಟ್ಟು, "ಕರ್ಜತ್‌ನಲ್ಲಿ ಘಾಟಿ ಹತ್ತಲಿಕ್ಕೆ ಹಿಂದಿನಿಂದ ಇಂಜಿನ್ ಸೇರಿಸ್ತಾರೆ, ಗಾಡಿ ಸ್ವಲ್ಪ ಹೊತ್ತು ನಿಲ್ತದೆ, ಆಗ ಡಬ್ಬಿ ತೆಗೆದು ತಿನ್ನು" ಅಂದಿರಿ. ನಮ್ಮಪ್ಪ ಧಾರವಾಡ ಸ್ಟೇಷನ್ನಿನಲ್ಲಿ ಹೀಗೇ ಕರವಸ್ತ್ರ ಹಾಕುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷ ಆಯಿತು. ಆಮೇಲೆ ನನಗೆ ಯಾರೂ ಸೀಟು ಹಿಡಿದಿರಲಿಲ್ಲ. ಗಾಡಿ ಹೊರಟಾಗ ನಾನು ಸರಿಯಾಗಿ ಕೈ ಬೀಸಲೂ ಇಲ್ಲ, ಅದಕ್ಕೆ ಕಾರಣ ಇದೇ. ಬೇರೆ ಏನೂ ಅಂದುಕೊಳ್ಳಬೇಡಿ.

ಕರ್ಜತ್‌ನಲ್ಲಿ ನೀವು ಹೇಳಿದ ಹಾಗೆಯೇ ಡಬ್ಬಿ ತೆಗೆದೆ. ಒಗ್ಗರಣೆ ಹಾಕಿದ ಪತ್ರೊಡೆ, ಮೇಲೆ ಕಾಯಿತುರಿ, ಒಂದು ಮೂಲೆಯಲ್ಲಿ ಬೆಲ್ಲದ ತುಂಡು. ಘಾಟಿಯಲ್ಲಿ ಎಲ್ಲ ಕಡೆ ನೀರು ಇಳಿಯುತ್ತಿತ್ತು. ಎದುರಿನ ಸೀಟಿನ ಮರಾಠಿ ಅಜ್ಜಿಗೂ ಒಂದು ಬಿಲ್ಲೆ ಕೊಟ್ಟೆ. ಅವರು "ಅಳೂವಡಿಯಾ?" ಅಂದರು. "ಅಲ್ಲ, ನಮ್ಮ ಮನೆಯ ಪತ್ರೊಡೆ" ಅಂದೆ. ಬಾಯಿಂದ ತಾನಾಗಿ ಬಂತು.

ಇನ್ನೊಂದು, ಆಂಟಿ. ನಾನು ಮನೆ ತಲುಪುವ ಮೊದಲೇ ನೀವು ಧಾರವಾಡಕ್ಕೆ ನಮ್ಮಮ್ಮನಿಗೆ ಫೋನ್ ಮಾಡಿ, "ನಿಮ್ಮ ಮಗಳನ್ನು ಗಾಡಿ ಹತ್ತಿಸಿದ್ದೇವೆ" ಅಂತ ಹೇಳಿದ್ದಿರಂತೆ. ಅಮ್ಮ ಒಬ್ಬರೇ ಇರುವುದು. ಈ ಎರಡು ದಿನ ಅವರೂ ನನ್ನಷ್ಟೇ ಹೆದರಿದ್ದರು. ರಾತ್ರಿ ಅವರ ದನಿ ಕೇಳಿದಾಗ ಬೇರೆಯೇ ಆಗಿತ್ತು. "ಆ ತಾಯಿ ಛಲೋ ಇದ್ದಾರ" ಅಂದರು. ನಮ್ಮಮ್ಮ ಬೇಗ ಯಾರಿಗೂ ಹಾಗೆ ಹೇಳುವವರಲ್ಲ.

ನಿಮ್ಮ ಮಂಡಿಯ ಬಗ್ಗೆ ಬರೆಯದೆ ಮುಗಿಸಲಾರೆ. ಲಿಫ್ಟ್ ಇಲ್ಲದ ಮೂರು ಮಹಡಿ, ದಿನಕ್ಕೆ ಎರಡು ಸಲ. ಬಲಗಾಲು ಇಡುವಾಗ ನೀವು ಕಟಾಂಜನ ಹಿಡಿದು ಒಂದು ಕ್ಷಣ ನಿಲ್ಲುತ್ತೀರಿ. ಫಿಸಿಯೋಥೆರಪಿ ಕೆಲಸದವಳು ನಾನು, ಕಣ್ಣು ಅಲ್ಲೇ ಹೋಗುತ್ತದೆ. ಹತ್ತುವಾಗ ನೋವಿಲ್ಲದ ಕಾಲು ಮೊದಲು ಇಡಿ, ಇಳಿಯುವಾಗ ನೋವಿರುವ ಕಾಲು ಮೊದಲು. ಬೆಳಿಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ, ಸುತ್ತಿದ ಟವೆಲನ್ನು ಮಂಡಿಯ ಕೆಳಗೆ ಇಟ್ಟು, ಅದನ್ನು ಮಂಡಿಯಿಂದ ಕೆಳಗೆ ಒತ್ತಿ 5 ಎಣಿಸಿ ಬಿಡಿ. 10 ಸಲ ಸಾಕು. ನೋವು ಜಾಸ್ತಿ ಆದರೆ ನಿಲ್ಲಿಸಿ, ಒಮ್ಮೆ ಡಾಕ್ಟರಿಗೆ ತೋರಿಸೋಣ. ಮುಂದಿನ ಸಲ ಬಂದಾಗ ನಾನೇ ಕೂತು ಮಾಡಿಸುತ್ತೇನೆ. ಮಾರ್ಕೆಟ್ ಚೀಲವನ್ನು ಪ್ರಶಾಂತನೇ ಹೊರಲಿ, ಅವನಿಗೂ ಹೇಳಿದ್ದೇನೆ.

ನಿಮ್ಮ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಇದೆ. ಅಮ್ಮ ಧಾರವಾಡದಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಳಿಸಿದ್ದಾರೆ. ಅದನ್ನು ತುಂಬಿ ಪ್ರಶಾಂತ ಮುಂದಿನ ವಾರ ಡೊಂಬಿವಲಿಗೆ ಬರುವಾಗ ಕೊಟ್ಟು ಕಳಿಸುತ್ತೇನೆ. ಅಂಕಲ್‌ಗೆ ಖಾರ ಆಗಬಹುದು, ಮೊಸರು ಅಥವಾ ಎಣ್ಣೆ ಹಾಕಿ ಕಲಸಿ. ಅಜ್ಜಿಗೆ ಗುರೆಳ್ಳು ಪುಡಿ ಕುಚ್ಚಲಕ್ಕಿ ಅನ್ನಕ್ಕೆ ಹೊಂದುತ್ತದೋ ಇಲ್ಲವೋ ನೋಡಿ ತಿಳಿಸಿ. ಬಾಲ್ಕನಿಯ ಡಬ್ಬದಲ್ಲಿರುವುದನ್ನು ಇವತ್ತೇ ತೆಗೆದು ಅವರಿಗೆ ಚಟ್ನಿ ಅರೆದು ಕೊಡಿ.

ನಿಮ್ಮ,
ಶ್ವೇತಾ